ಬೆನೆ ಯಾಕೆ ಕುಗ್ಗಿತು? ಲ್ಯಾಟಿನ್ನಿನ ಒತ್ತು ಮತ್ತು ಎರಡು ಮಾತ್ರೆಯ ಗಣ

ಲ್ಯಾಟಿನ್ ಕಲಿಯಲು ಹೊರಟವರಿಗೆ ಬಹು ಬೇಗ ಒಂದು ಸೂತ್ರ ಸಿಗುತ್ತದೆ. ಪದವನ್ನು ಕೊನೆಯಿಂದ ಎಣಿಸಬೇಕು. ಕೊನೆಗಿಂತ ಮುಂಚಿನ ಉಚ್ಚಾರಾಂಶ ಗುರುವಾಗಿದ್ದರೆ ಒತ್ತು ಅದರ ಮೇಲೆ. ಲಘುವಾಗಿದ್ದರೆ ಅದಕ್ಕೂ ಹಿಂದಿನದರ ಮೇಲೆ. ಎರಡೇ ಉಚ್ಚಾರಾಂಶಗಳ ಪದವಾದರೆ ಮೊದಲನೆಯದರ ಮೇಲೆ. ಇಲ್ಲಿ ಒತ್ತು ಎಂದರೆ ನಮ್ಮ ಒತ್ತಕ್ಷರವಲ್ಲ, ಪದದ ಒಂದು ಭಾಗವನ್ನು ಉಳಿದವುಗಳಿಗಿಂತ ಎತ್ತಿ ನುಡಿಯುವುದು.

ಗುರು, ಲಘು ಎಂಬ ಮಾತುಗಳನ್ನು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಲ್ಯಾಟಿನ್ನಿನಲ್ಲೂ ಲೆಕ್ಕ ಅದೇ: ದೀರ್ಘ ಸ್ವರವಿದ್ದರೆ ಗುರು, ಮುಂದೆ ಸಂಯುಕ್ತಾಕ್ಷರ ಬಂದರೂ ಗುರು, ಉಳಿದದ್ದು ಲಘು. ಗೆಳೆಯನೆಂಬ ಅರ್ಥದ ‘ಅಮೀಕುಸ್’ನಲ್ಲಿ ನಡುವಿನ ‘ಮೀ’ ದೀರ್ಘ, ಒತ್ತು ಅಲ್ಲಿ. ಗುರುವನ್ನು (ಕಲಿಸುವ ಗುರುವನ್ನು) ಹೇಳುವ ‘ಮಗಿಸ್ತೆರ್’ನಲ್ಲಿ ‘ಗಿ’ ಹ್ರಸ್ವವೇ ಆದರೂ ಮುಂದೆ ‘ಸ್ತ’ ಇರುವುದರಿಂದ ಒತ್ತು ಅಲ್ಲೇ. ಸುಲಭ ಎಂಬರ್ಥದ ‘ಫಕಿಲಿಸ್’ನಲ್ಲಿ ‘ಕಿ’ ಲಘು, ಹಾಗಾಗಿ ಒತ್ತು ‘ಫ’ದ ಮೇಲೆ. ಇದು ಊಹೆಯಲ್ಲ. ರೋಮನ್ ವೈಯಾಕರಣರೇ ಹೇಳಿದ್ದಾರೆ, ಇಂದಿನ ಇಟಾಲಿಯನ್ನರ ಬಾಯಲ್ಲಿ ಈ ಪದಗಳ ವಂಶಜರು ಒತ್ತನ್ನು ಅದೇ ಜಾಗದಲ್ಲಿ ಉಳಿಸಿಕೊಂಡಿವೆ. (ಲ್ಯಾಟಿನ್ನನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಎ-ಏ, ಒ-ಓಗಳ ಭೇದವೂ ಕಣ್ಣಿಗೆ ಕಾಣುತ್ತದೆ. ರೋಮನ್ನರು ತಮ್ಮ ಬರವಣಿಗೆಯಲ್ಲಿ ಸಾಮಾನ್ಯವಾಗಿ ಇದನ್ನು ಗುರುತಿಸುತ್ತಿರಲಿಲ್ಲ.)

ಸೂತ್ರ ಸರಿಯಾಗಿದೆ. ಆದರೆ ಅದು ವಿಚಿತ್ರವಾಗಿದೆ. ಕೊನೆಯ ಉಚ್ಚಾರಾಂಶ ಎಷ್ಟೇ ಭಾರವಾಗಿದ್ದರೂ ಲೆಕ್ಕಕ್ಕಿಲ್ಲ. ಅದರ ಹಿಂದಿನದರ ತೂಕವೇ ಎಲ್ಲ. ಅದಕ್ಕೂ ಹಿಂದಿನದರ ತೂಕವನ್ನು ಯಾರೂ ಕೇಳುವುದಿಲ್ಲ. ಹೀಗೇಕೆ? 1970ರ ದಶಕದಿಂದೀಚೆಗೆ ಭಾಷಾವಿಜ್ಞಾನಿಗಳು ಇದಕ್ಕೆ ಉತ್ತರವಾಗಿ ಗಣಗಳನ್ನು ತಂದರು. ಬ್ರೂಸ್ ಹೇಸ್ 1995ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಹಲವಾರು ಭಾಷೆಗಳ ಒತ್ತನ್ನು ಕೆಲವೇ ಬಗೆಯ ಗಣಗಳಿಂದ ವಿವರಿಸಿದ್ದಾರೆ. ಲ್ಯಾಟಿನ್ನಿನ ಗಣ ಬಹಳ ಸರಳ: ಅದರಲ್ಲಿ ಎರಡು ಮಾತ್ರೆ. ಒಂದು ಗುರುವಾದರೂ ಸರಿ, ಎರಡು ಲಘುವಾದರೂ ಸರಿ. ಗಣದ ಮೊದಲ ಭಾಗವೇ ತಲೆ, ಒತ್ತು ಬೀಳುವುದು ಅಲ್ಲಿ. ಕೊನೆಯ ಉಚ್ಚಾರಾಂಶವನ್ನು ಹೊರಗಿಟ್ಟು, ಬಲದಿಂದ ಸಿಗುವ ಮೊದಲ ಗಣವನ್ನು ಕಟ್ಟಬೇಕು. ಅ(ಮೀ)ಕುಸ್, ಮ(ಗಿಸ್)ತೆರ್, (ಫಕಿ)ಲಿಸ್. ಕಾಲಗಳು ಎಂಬರ್ಥದ ‘ತೆಂಪೊರ’ದಲ್ಲಿ ‘ಪೊ’ ಒಂದೇ ಮಾತ್ರೆ; ಹಿಂದಿನ ‘ತೆಂ’ ಆಗಲೇ ಎರಡು ಮಾತ್ರೆ ತುಂಬಿ ತಾನೇ ಗಣವಾಗಿದೆ; ‘ಪೊ’ ಅನಾಥ. ಒತ್ತು ‘ತೆಂ’ಗೆ. ಈ ಅನಾಥ ಲಘುವನ್ನು ಏನು ಮಾಡಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಚರ್ಚೆಯನ್ನು ಇಲ್ಲಿಗೇ ಬಿಡೋಣ.

ಇಷ್ಟಕ್ಕೇ ನಿಂತರೆ ಒಂದು ಆಕ್ಷೇಪ ನ್ಯಾಯವಾಗಿ ಏಳುತ್ತದೆ. ಹಳೆಯ ಸೂತ್ರವನ್ನೇ ಆವರಣ ಚಿಹ್ನೆ ಹಾಕಿ ಮತ್ತೆ ಬರೆದಂತಾಯಿತಲ್ಲವೇ? ಗಣವೆನ್ನುವುದು ಕವಿಗಳ ಅನುಕೂಲಕ್ಕೆ ಹುಟ್ಟಿದ ಅಳತೆಗೋಲು. ಮನೆಮಾತಿನಲ್ಲಿ ಅದಕ್ಕೇನು ಕೆಲಸ? ನನ್ನ ದೃಷ್ಟಿಯಲ್ಲಿ ಗಣದ ಪರವಾದ ನಿಜವಾದ ಸಾಕ್ಷಿ ಒತ್ತಿನಲ್ಲಿಲ್ಲ, ಒತ್ತಿನ ಸೂತ್ರ ಬಾಯಿಯನ್ನೇ ತೆರೆಯದ ಬೇರೊಂದು ಕಡೆ ಇದೆ.

ಲ್ಯಾಟಿನ್ನಿನಲ್ಲಿ ವಿಶೇಷಣದಿಂದ ಕ್ರಿಯಾವಿಶೇಷಣ ಮಾಡಲು ‘ಏ’ ಸೇರಿಸುವ ಪದ್ಧತಿಯಿದೆ. ಉದ್ದ ಎಂಬರ್ಥದ ‘ಲೊಂಗುಸ್’ನಿಂದ ‘ಲೊಂಗೇ’, ದೂರವಾಗಿ. ಈ ‘ಏ’ ದೀರ್ಘ. ಒಳ್ಳೆಯ ಎಂಬರ್ಥದ ‘ಬೊನುಸ್’ನಿಂದ ‘ಬೆನೇ’ ಆಗಬೇಕಿತ್ತು, ಆದರೆ ನಮಗೆ ಸಿಗುವುದು ‘ಬೆನೆ’. ಕೆಟ್ಟ ಎಂಬರ್ಥದ ‘ಮಲುಸ್’ನಿಂದ ಸಿಗುವುದೂ ‘ಮಲೆ’. ಪ್ರತ್ಯಯ ಅದೇ, ಇಲ್ಲಿ ಮಾತ್ರ ಅದು ಕುಗ್ಗಿದೆ. ಇನ್ನೊಂದು ಜೋಡಿ ನೋಡಿ. ‘ಇಬ್ಬರೂ’ ಎನ್ನಲು ‘ಅಂಬೋ’, ‘ಎರಡು’ ಎನ್ನಲು ‘ದುಒ’. ಎರಡಕ್ಕೂ ಮೂಲದಲ್ಲಿ ಒಂದೇ ದ್ವಿವಚನದ ‘ಓ’. ‘ಅಂಬೋ’ದಲ್ಲಿ ಅದು ಉಳಿಯಿತು, ‘ದುಒ’ದಲ್ಲಿ ಹೋಯಿತು. ‘ನಾನು’ ಎಂಬರ್ಥದ ಪದ ಗ್ರೀಕಿನಲ್ಲಿ ‘ಎಗೋ’, ಲ್ಯಾಟಿನ್ನಿನಲ್ಲಿ ‘ಎಗೊ’.

ಕುಗ್ಗಿದವುಗಳನ್ನು ಒಂದು ಕಡೆ, ಕುಗ್ಗದವುಗಳನ್ನು ಇನ್ನೊಂದು ಕಡೆ ಇಟ್ಟರೆ ಗುಟ್ಟು ಬಯಲಾಗುತ್ತದೆ. ಲೊಂಗೇ, ಅಂಬೋ: ಮೊದಲನೆಯದು ಗುರು. ಅದು ತಾನೇ ಗಣವಾಗಿ ಒತ್ತನ್ನು ಹೊತ್ತಿದೆ. ಕೊನೆಯ ದೀರ್ಘ ಹೊರಗೆ ನೆಮ್ಮದಿಯಾಗಿದೆ. ಬೆನೇ, ದುಓ, ಎಗೋ: ಮೊದಲನೆಯದು ಲಘು. ಒಂದು ಮಾತ್ರೆ ಗಣಕ್ಕೆ ಸಾಲದು. ಗಣವಿಲ್ಲದೆ ಒತ್ತಿಲ್ಲ, ಒತ್ತಿಲ್ಲದೆ ಪದವಿಲ್ಲ. ಹಾಗಾಗಿ ಹೊರಗಿರಬೇಕಾದ ಕೊನೆಯ ಉಚ್ಚಾರಾಂಶವನ್ನೂ ಒಳಗೆ ಎಳೆಯಬೇಕು. ಎಳೆದರೆ ಒಂದು ಮತ್ತು ಎರಡು ಸೇರಿ ಮೂರು ಮಾತ್ರೆ, ಗಣ ಉಕ್ಕಿತು. ನಾಲಿಗೆ ಕಂಡುಕೊಂಡ ಪರಿಹಾರ, ಕೊನೆಯದನ್ನು ಹ್ರಸ್ವ ಮಾಡುವುದು: (ಬೆನೆ), (ದುಒ), (ಎಗೊ). ಎರಡು ಲಘು, ಎರಡು ಮಾತ್ರೆ, ತುಂಬಿದ ಗಣ. ಆರ್ಮಿನ್ ಮೆಸ್ಟರ್ 1994ರ ಲೇಖನದಲ್ಲಿ ಈ ವಾದವನ್ನು ವಿಸ್ತಾರವಾಗಿ ಬೆಳೆಸಿದರು. ಉಪಾಂತ್ಯದ ಸೂತ್ರವನ್ನು ಎಷ್ಟು ಹಿಂಡಿದರೂ ಈ ಕುಗ್ಗುವಿಕೆ ಅದರಿಂದ ಹೊರಬರುವುದಿಲ್ಲ, ಏಕೆಂದರೆ ಬೆನೇ ಎಂದರೂ ಬೆನೆ ಎಂದರೂ ಆ ಸೂತ್ರಕ್ಕೆ ಒತ್ತು ಒಂದೇ ಕಡೆ.

ಇದಕ್ಕೆ ತದ್ವಿರುದ್ಧ ದಿಕ್ಕಿನ ಸಾಕ್ಷಿಯೂ ಇದೆ. ಕೊಡುವುದು ಎಂಬ ಧಾತುವಿನ ಸ್ವರ ಹ್ರಸ್ವ: ‘ದತೆ’ ಎಂದರೆ ಕೊಡಿರಿ. ಆದರೆ ಏಕವಚನದಲ್ಲಿ ಕೊಡು ಎನ್ನಲು ‘ದಾ’. ಒಂದೇ ಉಚ್ಚಾರಾಂಶದ ಪದ ಹ್ರಸ್ವವಾಗಿ ಉಳಿದರೆ ಗಣವೇ ತುಂಬುವುದಿಲ್ಲ, ಆದ್ದರಿಂದ ಹಿಗ್ಗಿತು. ಅಲ್ಲಿ ಕುಗ್ಗಿಸಿದ ಒತ್ತಡವೇ ಇಲ್ಲಿ ಹಿಗ್ಗಿಸಿದೆ.

ಲಘುವಿನ ಬೆನ್ನಿಗೆ ಗುರು ಬಂದರೆ ಗಣ ಕೆಡುತ್ತದೆ ಎಂಬುದು ನಮ್ಮ ಕಂದಪದ್ಯ ಬಲ್ಲವರಿಗೆ ಹೊಸದಲ್ಲ. ಕಂದದ ವಿಷಮಸ್ಥಾನಗಳಲ್ಲಿ ಜಗಣ ಕೂಡದು: ನಾಲ್ಕು ಮಾತ್ರೆಯ ಗಣದಲ್ಲಿ ಲಘು-ಗುರು-ಲಘು ಬಂದರೆ ಗುರು ಸರಿಯಾಗಿ ನಡುವೆ ಕೂತು ಎರಡು-ಎರಡರ ಸೀಳನ್ನು ಮುಚ್ಚಿಬಿಡುತ್ತದೆ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಕಂದದ ಆರನೆಯ ಗಣದಲ್ಲಿ ಅದೇ ಜಗಣಕ್ಕೆ ಮರ್ಯಾದೆಯ ಜಾಗವಿದೆ, ಅಂದರೆ ಅಲ್ಲಿ ಕವಿ ಬೇಕೆಂದೇ ಲಯವನ್ನು ಮುರಿಯುತ್ತಾನೆ. ಲ್ಯಾಟಿನ್ ಮಾತುಗಾರನಿಗೆ ಅಂಥ ಆಯ್ಕೆಯಿರಲಿಲ್ಲ.

ತೂಕ ಎಲ್ಲ ಕಡೆ ಒಂದೇ ಖಚಿತತೆಯಿಂದ ಇರುತ್ತದೆಂದೂ ಅಲ್ಲ. ಹಕ್ಕಿಗಳೆಂಬ ಅರ್ಥದ ‘ವೊಲುಕ್ರೇಸ್’ನಲ್ಲಿ ‘ಲು’ ಲಘುವೋ ಗುರುವೋ? ಮಾತಿನಲ್ಲಿ ಲಘು; ‘ಕ್ರ’ ಸಡಿಲವಾಗಿ ಮುಂದಿನ ಉಚ್ಚಾರಾಂಶಕ್ಕೆ ಸೇರುತ್ತದೆ. ಪದ್ಯದಲ್ಲಿ ಕವಿ ಅದನ್ನು ಗುರು ಮಾಡಿಕೊಳ್ಳಬಹುದು. ಹಾಗೆ ಮಾಡಿದಾಗ ಒತ್ತೂ ನಡುವಿಗೆ ಸರಿಯುತ್ತದೆಂದು ಕ್ರಿ.ಶ. ಒಂದನೆಯ ಶತಮಾನದ ಕ್ವಿಂಟಿಲಿಯನ್ ಇದೇ ಪದವನ್ನು ಹಿಡಿದು ಹೇಳಿದ್ದಾನೆ. ಹಳಗನ್ನಡದ ಶಿಥಿಲದ್ವಿತ್ವ ನೆನಪಾಗದೆ ಇರದು: ‘ಅಮರ್ದು’ ಎಂಬಲ್ಲಿ ಸಂಯುಕ್ತಾಕ್ಷರವಿದ್ದರೂ ಹಿಂದಿನದು ಲಘುವಾಗಿ ಉಳಿಯಬಹುದು. ನಮ್ಮಲ್ಲಿ ಸಡಿಲಗೊಳ್ಳುವ ರೇಫ ಮೊದಲು ಬರುತ್ತದೆ, ಅವರಲ್ಲಿ ಎರಡನೆಯದಾಗಿ.

ಕುಗ್ಗುವಿಕೆಗೂ ಮೇರೆಯಿದೆ. ‘ನಾನು ಪ್ರೀತಿಸುತ್ತೇನೆ’ ಎನ್ನುವ ‘ಅಮೋ’ ಲಘು-ಗುರುವೇ, ಆದರೂ ವರ್ಜಿಲನ ಕಾಲದ ಪ್ರೌಢ ಕಾವ್ಯದಲ್ಲಿ ಸಾಮಾನ್ಯವಾಗಿ ದೀರ್ಘವಾಗಿಯೇ ಉಳಿದಿದೆ. ‘ಹೊಗಳುತ್ತೇನೆ’ ಎನ್ನುವ ‘ಲೌದೋ’ದಂಥ ನೂರಾರು ಕ್ರಿಯಾಪದಗಳ ಕೊನೆಯ ‘ಓ’ ಅದನ್ನು ಹಿಡಿದು ನಿಲ್ಲಿಸಿದೆ. ಬೆನೆ, ಮಲೆ, ಎಗೊಗಳಿಗೆ ಹಾಗೆ ಕೈಹಿಡಿಯುವ ಬಳಗ ಇರಲಿಲ್ಲ, ಇದ್ದರೂ ದಿನಬಳಕೆಯಲ್ಲಿ ಅದರಿಂದ ದೂರವಾಗಿದ್ದವು. ಆದರೆ ಇನ್ನೂರು ವರ್ಷ ಹಿಂದೆ ಹೋಗಿ ಪ್ಲಾಟಸನ ಪ್ರಹಸನಗಳನ್ನು ತೆರೆದರೆ ಈ ಶಿಸ್ತು ಕಾಣುವುದಿಲ್ಲ. ಅಲ್ಲಿ ಗುಲಾಮರೂ ಮುದುಕರೂ ಜಗಳವಾಡುವ ಸಾಲುಗಳಲ್ಲಿ ಕ್ರಿಯಾಪದಗಳ ಕೊನೆಗಳೂ ಎಷ್ಟೋ ಕಡೆ ಕುಗ್ಗಿವೆ. ಸುಖ ಎಂಬರ್ಥದ ‘ವೊಲುಪ್ತಾತೆಂ’ನಲ್ಲಿ ‘ಲುಪ್’ನಂಥ ಮುಚ್ಚಿದ ಉಚ್ಚಾರಾಂಶ ಕೂಡ ಲಘುವಿನ ಜಾಗದಲ್ಲಿ ಕೂರುತ್ತದೆ.