ಚೀಟಿಯ ಮೂರು ಮನೆಗಳು

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಟವರ ಡಿಸ್ಚಾರ್ಜ್ ಸಮರಿಯನ್ನು ಕನ್ನಡಕ್ಕೆ ಇಳಿಸುವ ಒಬ್ಬ ನರ್ಸ್ ನನಗೆ ಗೊತ್ತು. ಅವರ ಕೆಲಸ ಕಂಡರೆ ನನಗೆ ಬಹಳ ಗೌರವ. ‘1-0-0’ ಎಂದಿದ್ದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ ಗೀಚುತ್ತಾರೆ. ಪ್ಯಾಂಟೊಪ್ರಜೋಲ್ ಬೆಳಗಿನ ಮನೆಗೆ ಹೋಗುತ್ತದೆ: ‘ಒಂದು, ತಿಂಡಿಗೆ ಅರ್ಧ ಗಂಟೆ ಮುಂಚೆ.’ ಮಾತ್ರೆಯ ಹೆಸರನ್ನು ಮಾತ್ರ ಸ್ಟ್ರಿಪ್ ಮೇಲಿರುವ ಇಂಗ್ಲಿಷ್ ಅಕ್ಷರಗಳಲ್ಲೇ ಬಿಡುತ್ತಾರೆ, ಚೀಟಿ, ಸ್ಟ್ರಿಪ್ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಲೆಂದು.

ಅವರ ಜಾಣ್ಮೆ ಕಾಣುವುದು ಸಾರ್ಬಿಟ್ರೇಟ್ ಬಂದಾಗ. ಮೂಲದಲ್ಲಿ ಇರುವುದು ಬರೀ ‘ಎಸ್‌ಒಎಸ್’. ಅದನ್ನು ಮೂರು ಮನೆಗಳಲ್ಲಿ ಸೇರಿಸಿದರೆ ರೋಗಿಗಳು ದಿನಾ ನುಂಗಿಬಿಡುತ್ತಾರೆ. ಆದ್ದರಿಂದ ಕೆಳಗೆ ಬೇರೆಯಾಗಿ, ದಪ್ಪಕ್ಷರದಲ್ಲಿ: ‘ಎದೆ ನೋವು ಬಂದರೆ ಮಾತ್ರ. ಕೂತುಕೊಂಡು ನಾಲಿಗೆ ಕೆಳಗೆ ಇಡಿ, ನುಂಗಬೇಡಿ. ಐದು ನಿಮಿಷಕ್ಕೂ ತಗ್ಗದಿದ್ದರೆ 108ಕ್ಕೆ ಕರೆ ಮಾಡಿ.’ ಕೂರಬೇಕು ಏಕೆಂದರೆ ಈ ಮಾತ್ರೆಗೆ ಬಿಪಿ ಇಳಿದು ತಲೆ ಸುತ್ತಬಹುದು.

ಕ್ಲೊಪಿಡೋಗ್ರೆಲ್ ಪಕ್ಕದಲ್ಲಿ, ‘ಹಲ್ಲು ಕೀಳಿಸುವಾಗಲೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ’ ಎಂದಿರುತ್ತದೆ. ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ.

ಕೊನೆಗೆ, ‘ಮನೇಲಿರೋ ಹಳೇ ಮಾತ್ರೆ ತೋರಿಸಿ, ಅಜ್ಜಾ’ ಎನ್ನುತ್ತಾರೆ. ಬೇರೆ ಕಂಪನಿ ಹೆಸರಿನಲ್ಲಿ ಅದೇ ಆಸ್ಪಿರಿನ್ ಎರಡು ಸಲ ಹೊಟ್ಟೆ ಸೇರುವುದು ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ.