ತಗಾದೆ ನೋಟೀಸಿನ ಕನ್ನಡ: ‘ಪೂರ್ವಾಗ್ರಹ’ವೆಂಬ ಪದದ ವಿಚಾರ

ಪುತ್ತೂರು, ಸುಳ್ಯ, ಕಡಬ ಪರಿಸರದ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವ ಅನೇಕರ ಮನೆಮಾತು ತುಳು. ಸುಳ್ಯದ ಕಡೆ ಅರೆಭಾಷೆಯೂ ಉಂಟು. ಓದುಬರಹಕ್ಕೆ ಮಾತ್ರ ಕನ್ನಡ. ಬಾಕಿ ವೇತನಕ್ಕಾಗಿ ವಕೀಲರು ಇಂಗ್ಲಿಷಿನಲ್ಲಿ ಬರೆದ ತಗಾದೆ ನೋಟೀಸು ಗ್ರಾಂಥಿಕ ಕನ್ನಡಕ್ಕೆ ಬಂದಾಗ, ಕಾರ್ಮಿಕನಿಗೆ ತನ್ನ ಹಕ್ಕು ತಿಳಿಯುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಇಂಥ ನೋಟೀಸಿನ ಕೊನೆಯಲ್ಲಿ ಬರುವ ‘ವಿದೌಟ್ ಪ್ರಿಜುಡೀಸ್’ ಎಂಬ ಮಾತನ್ನು ‘ಪೂರ್ವಾಗ್ರಹವಿಲ್ಲದೆ’ ಎಂದು ಅನುವಾದಿಸುವುದುಂಟು. ಪದಕ್ಕೆ ನಿಘಂಟಿನ ಬಲವಿದೆ; ಆದರೆ ಅರ್ಥ ಕೆಡುತ್ತದೆ. ಕೆಲಸ ಬಿಟ್ಟವನೊಬ್ಬನಿಗೆ ಎರಡು ತಿಂಗಳ ವೇತನ 24,000 ರೂಪಾಯಿಯಲ್ಲದೆ ಗ್ರಾಚ್ಯುಟಿಯೂ ಬರಬೇಕಾಗಿದೆ, ನೋಟೀಸು ಕೇಳಿರುವುದು ವೇತನವನ್ನು ಮಾತ್ರ ಎಂದುಕೊಳ್ಳೋಣ. ಈ ತಗಾದೆಯಿಂದ ಇತರ ಹಕ್ಕುಗಳನ್ನು ಬಿಟ್ಟುಕೊಟ್ಟಂತಾಗದು ಎಂಬುದು ಮೂಲದ ಆಶಯ. ಅನುವಾದವನ್ನು ಓದಿದವನಿಗಾದರೋ, ಮಾಲೀಕರ ಮೇಲೆ ದ್ವೇಷವಿಲ್ಲವೆಂಬ ಸೌಜನ್ಯವಷ್ಟೇ ಕಾಣುತ್ತದೆ. ಆತ 24,000 ರೂಪಾಯಿ ಪಡೆದು, ‘ಎಲ್ಲ ಲೆಕ್ಕ ಚುಕ್ತಾ’ ಎಂಬ ಕಾಗದಕ್ಕೆ ಸಹಿ ಹಾಕಿದರೆ, ಮುಂದೆ ಗ್ರಾಚ್ಯುಟಿ ಕೇಳುವಾಗ ಅದೇ ಸಹಿ ಎದುರು ನಿಲ್ಲುತ್ತದೆ.

‘ಬಾಕಿ’ ಎಂಬ ಪದವೂ ಒಂಟಿಯಾಗಿ ಸಾಲದು. 2019ರ ವೇತನ ಸಂಹಿತೆಯಂತೆ ಮಾಸಿಕ ವೇತನವನ್ನು ಮರುತಿಂಗಳ ಏಳನೆಯ ದಿನ ಮುಗಿಯುವುದರೊಳಗೆ ಕೊಡಬೇಕು. ‘ಮಾರ್ಚ್ ತಿಂಗಳ ವೇತನ ಏಪ್ರಿಲ್ 7ರೊಳಗೆ ಸಲ್ಲಬೇಕಿತ್ತು’ ಎಂದಾಗಲೇ ತಪ್ಪು ಎಂದಿನಿಂದ ಆರಂಭವಾಯಿತೆಂದು ಸ್ಪಷ್ಟವಾಗುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಮಾಲೀಕರಿಗೆ ತಲುಪಿದ ಮೂಲವೇ ನೋಟೀಸು. ಆದರೆ ಸಹಿ ಹಾಕಬೇಕೋ ಬೇಡವೋ ಎಂದು ಕಾರ್ಮಿಕನು ನಿರ್ಧರಿಸುವುದು ಕನ್ನಡ ಪಾಠವನ್ನು ನೋಡಿ. ಆದುದರಿಂದ ‘ನನ್ನ ಇತರ ಹಕ್ಕುಗಳಿಗೆ ಬಾಧೆ ಬಾರದಂತೆ’ ಎಂಬ ನೇರ ವಾಕ್ಯವೇ ಇಲ್ಲಿ ಮೂಲನಿಷ್ಠವಾದ ಅನುವಾದ.