ಪಹಣಿ ಯಾರ ಹೆಸರಲ್ಲೈತೆ?

‘ತಿಥಿ’ ಸಿನಿಮಾನ ನಾನು ಎರಡು ಸಲ ನೋಡಿದೀನಿ. ಮೊದಲನೇ ಸಲ 2016ರ ಮೇ ತಿಂಗಳಲ್ಲಿ, ಬಿಡುಗಡೆಯಾದ ವಾರವೇ, ಆಫೀಸಿನ ಗೆಳೆಯರ ಜೊತೆ ಬೆಂಗಳೂರಿನ ಮಲ್ಟಿಪ್ಲೆಕ್ಸಲ್ಲಿ. ಹೊಟ್ಟೆ ಹಿಡ್ಕೊಂಡು ನಕ್ಕು ಬಂದಿದ್ದೆ. ಎರಡನೇ ಸಲ ಮಧುಗಿರಿ ಹತ್ತಿರದ ನಮ್ಮೂರಲ್ಲಿ, ಲ್ಯಾಪ್‌ಟಾಪಲ್ಲಿ, ಅಪ್ಪನ ಪಕ್ಕ ಕೂತು. ನಾನು ನಕ್ಕ ಎಷ್ಟೋ ಕಡೆ ಅಪ್ಪ ನಗಲಿಲ್ಲ. ಸಿನಿಮಾ ಶುರುವಾಗಿ ಅರ್ಧ ಗಂಟೆ ಆಗಿರಬೇಕು, ಪರದೆ ಮೇಲಿಂದ ಕಣ್ಣು ತೆಗೀದೆ ಕೇಳಿದ್ರು: ‘ಅಲ್ಲ, ಪಹಣಿ ಯಾರ ಹೆಸರಲ್ಲೈತೆ?’

ಈ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಕೇಳದ ಪ್ರಶ್ನೆ ಅದು. ಇಡೀ ಸಿನಿಮಾ ನಿಂತಿರೋದೇ ಅದರ ಮೇಲೆ ಅಂತ ನನಗೆ ಅವತ್ತು ಗೊತ್ತಾಯ್ತು. ಹಾಗಾಗಿ ಈ ಬರಹ. ಇನ್ನೂ ನೋಡದವರು ಹೆದರಬೇಡಿ, ಮೊದಲ ಅರ್ಧ ಗಂಟೆಯ ಆಚೆಗಿನ ಕಥೆಯನ್ನ ನಾನು ಹೇಳೋದಿಲ್ಲ.

ಮಂಡ್ಯ ಕಡೆಯ ಒಂದು ಹಳ್ಳಿ. ಸೆಂಚುರಿ ಗೌಡ ಅನ್ನೋ ನೂರಾ ಒಂದು ವರ್ಷದ ಅಜ್ಜ ಬೀದೀಲಿ ಕೂತು, ಬರೋರು ಹೋಗೋರಿಗೆಲ್ಲ ಮನಸಾರೆ ಬಯ್ಯುತ್ತಾ ಇರ್ತಾನೆ. ಕೆಲವೇ ನಿಮಿಷಕ್ಕೆ ಸತ್ತು ಹೋಗ್ತಾನೆ. ಸಿನಿಮಾದ ಹೆಸರೇ ‘ತಿಥಿ’ ಆದ್ದರಿಂದ ಇದು ಗುಟ್ಟೇನಲ್ಲ. ಹನ್ನೊಂದನೇ ದಿನದ ತಿಥಿಯೊಳಗೆ ಮೂರು ತಲೆಮಾರಿನ ಮೂವರಿಗೆ ಮೂರು ಬೇರೆ ಬೇರೆ ಕೆಲಸ. ಮಗ ಗಡ್ಡಪ್ಪನಿಗೆ ಏನೂ ಬೇಡ. ಜೇಬಲ್ಲಿ ಬ್ರಾಂದಿ ಬಾಟ್ಲಿ, ಬಾಯಲ್ಲಿ ಬೀಡಿ ಇದ್ದರೆ ಹೊಲದ ಬದುಗಳ ಮೇಲೆ ಸುಮ್ನೆ ನಡೀತಾ ಇರ್ತಾನೆ. ಮೊಮ್ಮಗ ತಮ್ಮಣ್ಣನಿಗೆ ತಾತನ ಐದು ಎಕರೆ ಮಾರಬೇಕು. ಮರಿಮಗ ಅಭಿಗೆ ಕುರಿಮಂದೆ ಜೊತೆ ಬಂದಿರೋ ಕಾವೇರಿ ಅನ್ನೋ ಹುಡುಗಿ ಹಿಂದೆ ಸುತ್ತಬೇಕು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಜಮೀನು ಸತ್ತ ತಾತನ ಹೆಸರಲ್ಲಿದೆ. ಖಾತೆದಾರ ಸತ್ತಮೇಲೆ ವಾರಸುದಾರರ ಹೆಸರಿಗೆ ಮಾಡಿಸೋ ಖಾತೆಗೆ ಪೌತಿ ಖಾತೆ ಅಂತಾರೆ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರ ಒಪ್ಪಿಗೆ ಬೇಕು, ಆಕ್ಷೇಪಣೆ ಇದ್ದರೆ ಹೇಳಿ ಅಂತ ನೋಟಿಸು ಆಗಬೇಕು. ಅಷ್ಟಾದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗೋದು. ವಂಶವೃಕ್ಷದಲ್ಲಿ ತಾತನ ಕೆಳಗೆ ಮೊದಲು ಬರೋದು ಮಗ. ಆ ಮಗ ಬದುಕಿದ್ದಾಗ ಅವನನ್ನ ದಾಟಿ ಮೊಮ್ಮಗನ ಹೆಸರಿಗೆ ಖಾತೆ ಬರೋದಿಲ್ಲ. ಅಂದ್ರೆ ತಮ್ಮಣ್ಣನಿಗೂ ಐದು ಎಕರೆಗೂ ಮಧ್ಯೆ ಒಬ್ಬ ಮನುಷ್ಯ ನಿಂತಿದಾನೆ. ಅವನು ಜಗಳಗಂಟನೂ ಅಲ್ಲ, ಆಸೆಬುರುಕನೂ ಅಲ್ಲ. ಅವನಿಗೆ ಕಚೇರಿ, ಸಹಿ, ಆಸ್ತಿ ಯಾವುದೂ ಬೇಡ, ಅಷ್ಟೇ. ಏನೂ ಬೇಡದವನ ಹತ್ತಿರ ಸಹಿ ಹಾಕಿಸಿಕೊಳ್ಳೋದು ಹೇಗೆ? ತಮ್ಮಣ್ಣ ಇದಕ್ಕೆ ಒಂದು ದಾರಿ ಹುಡುಕ್ತಾನೆ. ಅದು ಯಾವುದು ಅಂತ ಹೇಳಿದ್ರೆ ನಿಮ್ಮ ಅರ್ಧ ಮಜಾ ಹೋಗುತ್ತೆ, ಬೇಡ.

ಮಲ್ಟಿಪ್ಲೆಕ್ಸಲ್ಲಿ ನನಗೆ ತಮ್ಮಣ್ಣ ದುರಾಸೆಯ ಮನುಷ್ಯನ ಥರ ಕಂಡಿದ್ದ. ಅಪ್ಪನಿಗೆ ಅವನು ಹಾಗೆ ಕಾಣಲೇ ಇಲ್ಲ. ‘ಪಾಪ, ಸಿಕ್ಕಾಕ್ಕೊಂಡವ್ನೆ’ ಅಂದ್ರು. ನಮ್ಮ ಕಡೆ ಇದು ಮನೆಮನೆ ಕಥೆ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತಲ್ಲ, ಅದಕ್ಕೆ ಜಮೀನು ಕೊಂಡುಕೊಂಡಿದ್ದಲ್ಲ, ರೈತರಿಂದ ಗುತ್ತಿಗೆಗೆ ತಗೊಂಡಿದ್ದು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಂಡಿದ್ದ ನೆಲಕ್ಕೆ ವರ್ಷಕ್ಕಿಷ್ಟು ಅಂತ ದುಡ್ಡು ಬರೋ ಹಾಗಾಯ್ತು. ಹಾಗೆ ಬರಬೇಕಾದ್ರೆ ಕಾಗದದಲ್ಲಿ ಹೆಸರಿರಬೇಕು. ಅಲ್ಲೀವರೆಗೂ ಉಳೋದು ಮೊಮ್ಮಗ, ಪಹಣೀಲಿರೋದು ಎಂದೋ ತೀರಿಕೊಂಡ ತಾತ ಅನ್ನೋದು ಯಾರಿಗೂ ತೊಂದರೆ ಅನ್ನಿಸಿರಲಿಲ್ಲ. ನೆಲಕ್ಕೆ ದುಡ್ಡು ಹುಟ್ಟಿದ ದಿನವೇ ಸತ್ತವರ ಹೆಸರುಗಳು ಎದ್ದು ಕೂರ್ತವೆ. ಮಂಡ್ಯದ ನೀರಾವರಿ ಊರಿನ ಕಥೆ ಶಿರಾ, ಪಾವಗಡದ ಒಣಭೂಮಿಯವರಿಗೂ ತಮ್ಮದೇ ಅನ್ನಿಸೋದು ಈ ಕಾರಣಕ್ಕೆ.

ಸಿನಿಮಾದ ನಿಜವಾದ ಬಲ ಇದನ್ನ ಭಾಷಣ ಮಾಡದೇ ಹೇಳೋದು. ನಿರ್ದೇಶಕ ರಾಮ್ ರೆಡ್ಡಿ ಬೆಂಗಳೂರಿನವರು, ಇದು ಅವರ ಮೊದಲ ಚಿತ್ರ. ಜೊತೆಗೆ ಬರೆದ ಈರೇಗೌಡರು ಚಿತ್ರೀಕರಣ ನಡೆದ ನೊದೆಕೊಪ್ಪಲಿನವರೇ. ನಟಿಸಿದವರೂ ವೃತ್ತಿನಟರಲ್ಲ, ಹಳ್ಳಿಯ ಜನ. ಸೆಂಚುರಿ ಗೌಡನಾಗಿ ಸಿಂಗ್ರಿಗೌಡ, ಗಡ್ಡಪ್ಪನಾಗಿ ಚನ್ನೇಗೌಡ, ತಮ್ಮಣ್ಣನಾಗಿ ತಮ್ಮೇಗೌಡ. ಇಂಥವರಿಗೆ ಉದ್ದುದ್ದ ಡೈಲಾಗ್ ಬಾಯಿಪಾಠ ಮಾಡಿಸಿದ್ರೆ ಶಾಲಾ ವಾರ್ಷಿಕೋತ್ಸವದ ನಾಟಕ ಆಗ್ತಿತ್ತು. ಇಲ್ಲಿ ಹಾಗಾಗಿಲ್ಲ. ಪಾತ್ರಗಳನ್ನ ಆ ಮನುಷ್ಯರ ನಡಿಗೆಗೆ, ಮಾತಿನ ವೇಗಕ್ಕೆ ಹೊಂದಿಸಿದಾರೆ. ಮಾತು ಮುಗಿದ ಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೆ. ಹಳ್ಳೀಲಿ ಯಾರಾದ್ರೂ ಒಂದು ಮಾತು ಕೇಳಿದ್ರೆ ಎದುರಿನವರು ತಕ್ಷಣ ಉತ್ತರ ಕೊಡಲ್ಲ. ಬೀಡಿ ಹಚ್ಚಿ, ಆಕಾಶ ನೋಡಿ, ಆಮೇಲೆ ‘ಊಂ’ ಅಂತಾರೆ. ಆ ‘ಊಂ’ಗೆ ಈ ಸಿನಿಮಾ ಕಾಯುತ್ತೆ. ಹಿನ್ನೆಲೆ ಸಂಗೀತವೇ ಇಲ್ಲದ್ದರಿಂದ ಇಲ್ಲಿ ನಗು, ಇಲ್ಲಿ ಅಳು ಅಂತ ಯಾರೂ ಹೇಳಿಕೊಡಲ್ಲ. ನನಗೂ ಅಪ್ಪನಿಗೂ ಬೇರೆ ಬೇರೆ ಕಡೆ ನಗು ಬಂದದ್ದು ಅದಕ್ಕೇ ಇರಬೇಕು.

ಮಾತಿನ ಬಗ್ಗೆಯೂ ಒಂದು ಮಾತು. ಅಲ್ಲಿನ ಬೈಗುಳ ಕೇಳಿ ನನ್ನ ಗೆಳೆಯನೊಬ್ಬ ‘ಸ್ವಲ್ಪ ಜಾಸ್ತಿಯಾಯ್ತು’ ಅಂದ. ಹಳ್ಳಿಯಲ್ಲಿ ಬೆಳೆದ ನನಗೆ ಹಾಗನ್ನಿಸಲಿಲ್ಲ. ಕೊರಟಗೆರೆ ಸಂತೇಲಿ ಇಬ್ಬರು ಹಳೇ ಸ್ನೇಹಿತರು ಎದುರಾದ್ರೆ ನಮಸ್ಕಾರಕ್ಕೂ ಮೊದಲು ಬರೋದು ಬೈಗುಳವೇ. ಪಾವಗಡ ಕಡೆಯವರಾದ್ರೆ ಅದಕ್ಕೆ ತೆಲುಗೂ ಸೇರುತ್ತೆ. ಸಿಟ್ಟಿನ ಬೈಗುಳ ಯಾವುದು, ಪ್ರೀತಿಯದು ಯಾವುದು ಅನ್ನೋದು ದನಿಯಲ್ಲಿ ಗೊತ್ತಾಗಬೇಕು. ಸಿಂಗ್ರಿಗೌಡರ ದನಿಯಲ್ಲಿ ಅದು ಗೊತ್ತಾಗುತ್ತೆ.

ಇಷ್ಟು ಹೊಗಳಿ, ನನಗೆ ಸರಿ ಕಾಣದ್ದನ್ನ ಹೇಳದಿದ್ರೆ ಅನ್ಯಾಯ. ನನ್ನ ತಕರಾರು ಅಭಿ ಮತ್ತು ಕಾವೇರಿಯ ಎಳೆಯದು. ಕುರಿಮಂದೆ ಜೊತೆ ಊರೂರು ಅಲೆಯೋರು ನಮಗೆ ಹೊಸಬರಲ್ಲ. ನಮ್ಮ ತಾಲ್ಲೂಕುಗಳಿಂದಲೂ ಮೇವು ಮುಗಿದಮೇಲೆ ಮಂದೆಗಳು ನೀರಿರೋ ಸೀಮೆ ಕಡೆ ಹೊರಡ್ತವೆ. ರಾತ್ರಿ ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸ್ತಾರೆ, ಹಿಕ್ಕೆ ಗೊಬ್ಬರ ಹೊಲಕ್ಕೆ, ಅದಕ್ಕೆ ಪ್ರತಿಯಾಗಿ ಕಾಳೋ ಕಾಸೋ ಇವರಿಗೆ. ಹಾಗೆ ಹೋದ ಸಂಸಾರದ ಹೆಣ್ಣುಮಗಳು ಪರ ಊರಲ್ಲಿ ಸದಾ ಎಚ್ಚರವಾಗಿರ್ತಾಳೆ. ಅಲ್ಲಿ ಅವರಿಗೆ ನಂಟರಿಲ್ಲ, ನ್ಯಾಯ ಹೇಳೋರಿಲ್ಲ. ಊರ ಹುಡುಗ ಹಿಂದೆ ಬಿದ್ದರೆ ಅವಳಿಗೆ ಅದು ಬರೀ ತಮಾಷೆಯಲ್ಲ.

ಸಿನಿಮಾ ಈ ಎಳೆಯನ್ನ ಬಹುಪಾಲು ಅಭಿಯ ಭುಜದ ಹಿಂದೆ ನಿಂತು ನೋಡುತ್ತೆ. ಅವನ ಚಡಪಡಿಕೆ, ಪೋಲಿತನ, ಗೆಳೆಯರ ಕೀಟಲೆ ಎಲ್ಲಾ ನಮಗೆ ಗೊತ್ತಾಗುತ್ತೆ. ಕಾವೇರಿಯ ಮನಸ್ಸಲ್ಲಿ ಏನಿದೆ ಅನ್ನೋದು ಅಷ್ಟು ಗೊತ್ತಾಗಲ್ಲ. ಪೂಜಾ ಅವರು ಕಣ್ಣಲ್ಲೇ ಸಾಕಷ್ಟು ಹೇಳಿದಾರೆ, ಕೊರತೆ ನಟನೆಯದ್ದಲ್ಲ. ಗಡ್ಡಪ್ಪನ ಮೌನಕ್ಕೆ ಅಷ್ಟು ತಾಳ್ಮೆಯಿಂದ ಕಾದ ಕ್ಯಾಮೆರಾ ಇವಳ ಮೌನಕ್ಕೂ ಇನ್ನೆರಡು ನಿಮಿಷ ಕಾಯಬಹುದಿತ್ತು ಅನ್ನಿಸ್ತು. ಕೊನೆಯ ಭಾಗ ನೋಡಿದ ಮೇಲೆ ಈ ಅನಿಸಿಕೆ ಗಟ್ಟಿಯಾಯ್ತು. ಯಾಕೆ ಅಂತ ನೀವೇ ನೋಡಿ ಹೇಳಿ. ಇದನ್ನ ತಪ್ಪು ಹುಡುಕೋ ಚಟದಿಂದ ಹೇಳ್ತಿಲ್ಲ. ಮಿಕ್ಕವರನ್ನೆಲ್ಲ ಇಷ್ಟು ನ್ಯಾಯವಾಗಿ ನೋಡಿದವರಿಂದ ಇವಳಿಗೂ ಅದೇ ನ್ಯಾಯ ಬಯಸಿದೆ, ಅಷ್ಟೇ.

ಇನ್ನೊಂದು ತಕರಾರು ಸಿನಿಮಾದ ಮೇಲಲ್ಲ, ನನ್ನ ಮೇಲೇ. 2016ರಲ್ಲಿ ನಾವು ಎಸಿ ಥಿಯೇಟರಲ್ಲಿ ಗಡ್ಡಪ್ಪನ ನೋಡಿ ನಕ್ಕಿದ್ದು ಯಾವ ನಗು? ಅವನ ಜೊತೆ ನಕ್ಕೆವಾ, ಅವನನ್ನ ನೋಡಿ ನಕ್ಕೆವಾ? ಚಿತ್ರಕ್ಕೆ 2015ರಲ್ಲೇ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು, ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಮುಂದೆ ಇದೇ ಹಿರಿಯರು ‘ತರ್ಲೆ ವಿಲೇಜ್’ ಥರದ ಹಾಸ್ಯ ಚಿತ್ರಗಳಲ್ಲೂ ಬಂದ್ರು. ಪೋಸ್ಟರಲ್ಲಿ ಗಡ್ಡ ನೋಡಿದ ಕೂಡ್ಲೇ ನಗೋಕೆ ನಾವು ತಯಾರಾಗಿದ್ವಿ. ‘ತಿಥಿ’ಯಲ್ಲಿ ಗಡ್ಡಪ್ಪ ಕಾಮಿಡಿಯನ್ ಅಲ್ಲ. ಅವನು ಯಾಕೆ ಹೀಗಾದ ಅನ್ನೋದಕ್ಕೆ ಸಿನಿಮಾ ಒಂದು ಕಡೆ ಜಾಗ ಕೊಡುತ್ತೆ. ಮೊದಲ ಸಲ ಆ ಜಾಗದಲ್ಲಿ ನಮ್ಮ ಸಾಲಲ್ಲಿ ಯಾರೋ ಪಾಪ್‌ಕಾರ್ನ್ ತರೋಕೆ ಎದ್ದಿದ್ರು. ಎರಡನೇ ಸಲ ಅಪ್ಪ ಲ್ಯಾಪ್‌ಟಾಪಿಗೆ ಇನ್ನಷ್ಟು ಹತ್ತಿರ ಸರಿದು ಕೂತ್ರು.

ವೇಗದ ಸಿನಿಮಾ ಬೇಕು ಅನ್ನೋರಿಗೆ ಎರಡು ಗಂಟೆ ಮೀರುವ ಇದು ನಡುವೆ ಎಳೆದಂಗೆ ಅನ್ನಿಸಬಹುದು. ಫೋನ್ ಪಕ್ಕಕ್ಕಿಟ್ಟು, ಸಾಧ್ಯವಾದ್ರೆ ಊರಲ್ಲಿ, ಮನೆಯ ಹಿರಿಯರ ಜೊತೆ ನೋಡಿ. ಅವರು ಎಲ್ಲಿ ನಗಲ್ಲ ಅನ್ನೋದನ್ನೂ ಗಮನಿಸಿ.

ಸಿನಿಮಾ ಮುಗಿದಾಗ ಹತ್ತೂವರೆ ಆಗಿತ್ತು. ಅಪ್ಪ ಏನೂ ಅನ್ನಲಿಲ್ಲ, ಕೊಟ್ಟಿಗೆ ಕಡೆ ಹೋಗಿ ಬಂದ್ರು. ನಾನು ಎರಡು ವರ್ಷದಿಂದ, ಬೆಂಗಳೂರಲ್ಲಿ ಸೈಟ್ ತಗೊಳ್ಳೋಕೆ ಊರ ಮುಂದಿನ ಎರಡು ಎಕರೆ ಕೊಡೋಣ ಅಂತ ಅವರ ತಲೆ ತಿಂತಾ ಇದ್ದೆ. ಆ ಎರಡು ಎಕರೆ ಇವತ್ತಿಗೂ ತಾತನ ಹೆಸರಲ್ಲೇ ಇದೆ. ಪೌತಿ ಖಾತೆ ಮಾಡಿಸೋಣ ಅಂದಾಗಲೆಲ್ಲ ‘ಆಗ್ಲಿ, ನೋಡನ’ ಅಂತ ಅಪ್ಪ ಹೊಲದ ಕಡೆ ಹೊರಟುಬಿಡ್ತಿದ್ರು.

ಮಲಗೋ ಮುಂಚೆ ಅಪ್ಪ ಕೇಳಿದ್ದು ಒಂದೇ: ‘ಆ ತಮ್ಮಣ್ಣ ಒಂದಿನ ಅವರಪ್ಪನ ಪಕ್ಕ ಕುಂತ್ಕೊಂಡು, ಯಾಕಪ್ಪಾ ಬ್ಯಾಡ ಅಂತೀಯಾ ಅಂತ ಕೇಳ್ದ್ನೇನಪ್ಪಾ?’

ನಾನು ಲೈಟ್ ಆರಿಸಲಿಲ್ಲ. ಅಪ್ಪನ ಮಂಚದ ತುದೀಲಿ ಕೂತೆ.